ಸ್ಕೆಚ್‌ಅಪ್‌ನಲ್ಲಿ ಹಂಚಿನ ಮನೆ: ಅಳತೆ ಕೈಕೊಟ್ಟಾಗ, ಛಾವಣಿಯ ಇಳಿಜಾರು ತಪ್ಪಿದಾಗ

ಸ್ಕೆಚ್‌ಅಪ್‌ನಲ್ಲಿ ಮನೆಯ ಹೊರನೋಟ ಬರೆದವರಿಗೆ ಎದುರಾಗುವ ತೊಂದರೆಗಳು ಹೆಚ್ಚಾಗಿ ಎರಡು ಕಡೆ ಹುಟ್ಟುತ್ತವೆ. ಒಂದು, ಅಳತೆ ಟೈಪ್ ಮಾಡುವಾಗ ಯೂನಿಟ್ ತಪ್ಪುವುದು. ಇನ್ನೊಂದು, ಛಾವಣಿಯ ಏರಿಕೆಯನ್ನು ಎಲ್ಲಿಂದ ಎಲ್ಲಿಗೆ ಲೆಕ್ಕ ಹಾಕಬೇಕು ಎನ್ನುವಲ್ಲಿ ಗೊಂದಲವಾಗುವುದು. ಎರಡೂ ತಪ್ಪುಗಳು ಸಂಖ್ಯೆಯಲ್ಲಿ ತಮ್ಮ ಗುರುತು ಬಿಟ್ಟಿರುತ್ತವೆ. ಗೊತ್ತಿರುವ ಒಂದು ಅಳತೆಯನ್ನು ಮಾದರಿಯಲ್ಲಿ ಅಳೆದು ಹೋಲಿಸಿದರೆ ಕಾರಣ ಸಿಗುತ್ತದೆ.

ಇಲ್ಲಿ ಉದಾಹರಣೆಗೆ ಒಂದೇ ಮನೆಯನ್ನು ಹಿಡಿದುಕೊಳ್ಳೋಣ. ಕರಾವಳಿ, ಮಲೆನಾಡಿನ ಕಡೆ ಕಾಣುವಂಥ ಮಂಗಳೂರು ಹಂಚಿನ, ಎರಡು ಕಡೆ ಇಳಿಜಾರಿನ ಸಣ್ಣ ಮನೆ. ಹೊರಗೋಡೆಯಿಂದ ಹೊರಗೋಡೆಗೆ ಉದ್ದ 30 ಅಡಿ, ಅಗಲ 24 ಅಡಿ. ಗೋಡೆಯ ಎತ್ತರ 10 ಅಡಿ. ಸೂರು ಎರಡೂ ಕಡೆ 2 ಅಡಿ ಹೊರಚಾಚಿದೆ. ಛಾವಣಿಯ ನೆತ್ತಿ 30 ಅಡಿಯ ಉದ್ದಕ್ಕೆ ಓಡುತ್ತದೆ. ಇಳಿಜಾರು 30 ಡಿಗ್ರಿ. ಮೆನುಗಳ ಹೆಸರು ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡುವ ಆವೃತ್ತಿಯವು.

ಏನನ್ನಾದರೂ ಸರಿಪಡಿಸುವ ಮೊದಲು `File > Save As` ಮಾಡಿ ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಇಡೀ ಮಾದರಿಯ ಗಾತ್ರ ಬದಲಿಸುವ ಕೆಲಸ ಕೆಳಗೆ ಬರುತ್ತದೆ. ಅದು ಹಾಳಾದದ್ದು ಹತ್ತು ನಿಮಿಷ ಕಳೆದ ಮೇಲೆ ಕಣ್ಣಿಗೆ ಬಿದ್ದರೆ ಅನ್‌ಡೂ ಒತ್ತುತ್ತಾ ಹಿಂದೆ ಹೋಗುವುದಕ್ಕಿಂತ ಹಳೆಯ ಪ್ರತಿ ತೆರೆಯುವುದೇ ಸುಲಭ.

## ಲಕ್ಷಣ 1: ಪಕ್ಕದಲ್ಲಿ ನಿಂತ ಗೊಂಬೆ ಮನೆಗಿಂತ ಎತ್ತರ, ಅಥವಾ ಮನೆಯೇ ಕಾಣಿಸುತ್ತಿಲ್ಲ

ಹೊಸ ಫೈಲ್ ತೆರೆದಾಗ ಮೂಲಬಿಂದುವಿನ ಹತ್ತಿರ ನಿಂತಿರುವ ಮನುಷ್ಯನ ಗೊಂಬೆಯನ್ನು ಬಹಳ ಜನ ಮೊದಲೇ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಅಳತೆ ತಪ್ಪಿದ್ದನ್ನು ಖರ್ಚಿಲ್ಲದೆ ತೋರಿಸುವ ಗುರುತು ಅದು. 10 ಅಡಿ ಗೋಡೆಯ ಪಕ್ಕದಲ್ಲಿ ಗೊಂಬೆಯ ತಲೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರಬೇಕು.

ಬರದಿದ್ದರೆ ಟೇಪ್ ಮೆಷರ್ ತೆಗೆದುಕೊಂಡು 30 ಅಡಿಯ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಿರಿ. ಪರದೆಯ ಕೆಳಗಿನ ಬಲಮೂಲೆಯಲ್ಲಿ ಬರುವ ಸಂಖ್ಯೆಯೇ ಕಾರಣವನ್ನು ಹೇಳುತ್ತದೆ.

2 ಅಡಿ 6 ಇಂಚು ಬಂದರೆ ನೀವು ಅಡಿಯ ಗುರುತು ಹಾಕದೆ ಬರೀ `30` ಎಂದು ಟೈಪ್ ಮಾಡಿದ್ದೀರಿ. ಫೈಲ್‌ನ ಯೂನಿಟ್ `Architectural` ಆಗಿದ್ದರೆ ಗುರುತಿಲ್ಲದ ಸಂಖ್ಯೆಯನ್ನು ಸ್ಕೆಚ್‌ಅಪ್ ಇಂಚು ಎಂದೇ ತೆಗೆದುಕೊಳ್ಳುತ್ತದೆ. ಮನೆ 12 ಪಟ್ಟು ಸಣ್ಣದಾಗಿದೆ. 98 ಅಡಿಯ ಮೇಲೆ ಬಂದರೆ ಫೈಲ್ ಮೀಟರ್ ಟೆಂಪ್ಲೇಟಿನಲ್ಲಿದೆ, ನಿಮ್ಮ 30 ಅಡಿ 30 ಮೀಟರ್ ಆಗಿದೆ. ಮನೆ ಒಂದು ಚುಕ್ಕೆಯಷ್ಟಾಗಿ ಮಾಯವಾಗಿದ್ದರೆ ಅದು ಮಿಲಿಮೀಟರ್ ಟೆಂಪ್ಲೇಟ್. ಆಟೋಕ್ಯಾಡ್ ನಕ್ಷೆಯನ್ನು ಒಳಗೆ ತಂದ ಮೇಲೆ 762 ಅಡಿ ತೋರಿಸಿದರೆ, 9144 ಮಿ.ಮೀ. ಗೋಡೆಯನ್ನು 9144 ಇಂಚು ಎಂದು ಓದಲಾಗಿದೆ. ಆಗ ಗಾತ್ರ ಸರಿಪಡಿಸುವ ಗೋಜಿಗೆ ಹೋಗದೆ ಅದನ್ನು ಅಳಿಸಿ, ಇಂಪೋರ್ಟ್ ಆಯ್ಕೆಗಳಲ್ಲಿ ಯೂನಿಟ್ ಮಿಲಿಮೀಟರ್ ಎಂದು ಕೊಟ್ಟು ಮತ್ತೆ ತನ್ನಿ.

ಸರಿಪಡಿಸುವ ಮುಂಚೆ ಇನ್ನೊಂದು ತಪಾಸಣೆ ಆಗಲೇಬೇಕು. ಉದ್ದ ಅಳೆದ ಹಾಗೆಯೇ ಅಗಲ ಮತ್ತು ಎತ್ತರವನ್ನೂ ಅಳೆಯಿರಿ. ಮೂರೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಒಂದೇ ಸಲಕ್ಕೆ ಸರಿಮಾಡಬಹುದು. ನೆಲದ ಆಯತಕ್ಕೆ `30,24` ಎಂದು ಕೊಟ್ಟು ಗೋಡೆ ಎತ್ತುವಾಗ ಮಾತ್ರ `10'` ಎಂದು ಸರಿಯಾಗಿ ಕೊಟ್ಟಿದ್ದರೆ ಉದ್ದ ಅಗಲ 12 ಪಟ್ಟು ಸಣ್ಣ, ಎತ್ತರ ಮಾತ್ರ ಸರಿ ಇರುತ್ತದೆ. ಮನೆ ಕಂಬದಂತೆ ನಿಂತಿರುತ್ತದೆ. ಇಂಥದ್ದನ್ನು ಹಿಗ್ಗಿಸಲು ಹೋಗಬೇಡಿ. ಅಳಿಸಿ ಹೊಸದಾಗಿ ಎಳೆದರೆ ಐದು ನಿಮಿಷದ ಕೆಲಸ.

ಒಂದೇ ಪ್ರಮಾಣದ ತಪ್ಪಾಗಿದ್ದರೆ ಇಡೀ ಮನೆಯನ್ನು ಆಯ್ದು ಗ್ರೂಪ್ ಮಾಡಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ. ಟೇಪ್ ಮೆಷರ್ ಹಿಡಿದಾಗ ಕರ್ಸರ್ ಪಕ್ಕದಲ್ಲಿ ಕೂಡಿಸುವ ಚಿಹ್ನೆ ಕಂಡರೆ `Ctrl` ಒತ್ತಿ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಗೈಡ್ ಗೆರೆಗಳು ಬೀಳುತ್ತವೆ. ಗೋಡೆಯ ಎರಡು ತುದಿ ಕ್ಲಿಕ್ ಮಾಡಿ `30'` ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಗಾತ್ರ ಬದಲಿಸಲೇ ಎಂದು ಕೇಳಿದಾಗ ಹೌದು ಎನ್ನಿ. ಗ್ರೂಪಿನ ಒಳಗೆ ಮಾಡಿದ್ದರಿಂದ ಮನೆ ಮಾತ್ರ ಬದಲಾಗುತ್ತದೆ, ಹೊರಗಿರುವ ಗೊಂಬೆ ಇದ್ದ ಹಾಗೇ ಇರುತ್ತದೆ. ಈಗ ಅದೇ ಗೊಂಬೆಯ ಪಕ್ಕದಲ್ಲಿ ಗೋಡೆಯನ್ನು ಮತ್ತೊಮ್ಮೆ ನೋಡಿ.

ಮುಂದೆ ಈ ತಪ್ಪು ಬರದಿರಲು ಯೂನಿಟ್ ಯಾವುದೇ ಇರಲಿ, ಗುರುತು ಸೇರಿಸಿಯೇ ಟೈಪ್ ಮಾಡಿ:

```
30',24'
6'11 1/8"
230mm
```

ಗುರುತು ಇದ್ದರೆ ಫೈಲ್ ಮೀಟರಿನಲ್ಲಿದ್ದರೂ `30'` ಎಂದರೆ 30 ಅಡಿಯೇ.

## ಲಕ್ಷಣ 2: ಅಳತೆಯ ಮುಂದೆ ~ ಚಿಹ್ನೆ, ಅಥವಾ ಅಲ್ಲಲ್ಲಿ ಒಂದೆರಡು ನೂಲು ವ್ಯತ್ಯಾಸ

`~` ಎಂದರೆ ತೋರಿಸುತ್ತಿರುವ ಸಂಖ್ಯೆ ದುಂಡಾಗಿಸಿದ್ದು, ನಿಜವಾದ ಉದ್ದ ಅದಲ್ಲ ಎಂದರ್ಥ. `Window > Model Info > Units` ತೆರೆದು ನಿಖರತೆಯನ್ನು 1/64 ಇಂಚಿಗೆ ಏರಿಸಿದರೆ ನಿಜಕ್ಕೆ ಹತ್ತಿರದ ಸಂಖ್ಯೆ ಕಾಣುತ್ತದೆ. ಇಳಿಜಾರಿನ ಗೆರೆಗಳಿಗೆ ಈ ಚಿಹ್ನೆ ಬಂದರೆ ಚಿಂತೆಯಿಲ್ಲ, ಅವುಗಳ ಉದ್ದ ಪೂರ್ಣ ಇಂಚಿಗೆ ಬರುವುದೇ ಅಪರೂಪ. ನೆಲದ ಗೆರೆಗೋ ಗೋಡೆಯ ಎತ್ತರಕ್ಕೋ ಬಂದರೆ ಮಾತ್ರ ಅದು ದೋಷ. ಅಳತೆ ಟೈಪ್ ಮಾಡದೆ ಮೌಸ್‌ನಿಂದ ಅಂದಾಜಿಗೆ ಎಳೆದಲ್ಲಿ ಹೀಗಾಗುತ್ತದೆ. ಅದೇ ಕಿಟಕಿಯಲ್ಲಿರುವ `Enable length snapping` ಅನ್ನು ಆಫ್ ಮಾಡಿಡಿ. ಅದು ಆನ್ ಇದ್ದರೆ ಕೈಯಲ್ಲಿ ಎಳೆದ ಗೆರೆ ದುಂಡು ಸಂಖ್ಯೆಗೆ ಹಾರಿ ನಿಂತು, ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ವ್ಯತ್ಯಾಸ ಸರಿಯಾಗಿ 9 ಇಂಚು ಅಥವಾ 18 ಇಂಚು ಬಂದರೆ ಸ್ಕೆಚ್‌ಅಪ್‌ನಲ್ಲಿ ಹುಡುಕಿ ಫಲವಿಲ್ಲ. ನಕ್ಷೆಯಲ್ಲಿರುವ ಕೋಣೆಯ ಒಳ ಅಳತೆಯನ್ನು ಹೊರಗೋಡೆಯ ಅಳತೆ ಎಂದು ತೆಗೆದುಕೊಂಡಿರುತ್ತೀರಿ. 9 ಇಂಚಿನ ಗೋಡೆ ಎರಡು ಕಡೆಗೆ ಸೇರಿ 18 ಇಂಚು.

## ಲಕ್ಷಣ 3: ಛಾವಣಿ ಚಪ್ಪಟೆಯಾಗಿ ಕಾಣುತ್ತಿದೆ, ಅಥವಾ ವಿಪರೀತ ಕಡಿದಾಗಿದೆ

ಕಣ್ಣಂದಾಜು ಇಲ್ಲಿ ಸಾಲದು, ಕೋನ ಅಳೆಯಬೇಕು. ಮನೆಯ ಪಕ್ಕದ ತ್ರಿಕೋನ ಗೋಡೆಯನ್ನು ನೇರವಾಗಿ ನೋಡುವಂತೆ ತಿರುಗಿಸಿ. ಪ್ರೊಟ್ರಾಕ್ಟರ್ ತೆಗೆದುಕೊಂಡು ಅದನ್ನು ಆ ಗೋಡೆಯ ಮೇಲಿಡಿ. ವೃತ್ತ ಗೋಡೆಗೆ ಅಂಟಿದಂತೆ ನಿಲ್ಲಬೇಕು, ನೆಲಕ್ಕೆ ಮಲಗಿದ್ದರೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿ ನಿಲ್ಲಿಸಿ. ಮೊದಲ ಕ್ಲಿಕ್ ಇಳಿಜಾರಿನ ಅಂಚಿನ ಕೆಳತುದಿಗೆ, ಎರಡನೆಯದು ಅಡ್ಡಕ್ಕೆ ಮಟ್ಟವಾಗಿ, ಆಮೇಲೆ ಇಳಿಜಾರಿನ ಅಂಚಿನ ಮೇಲೆ ಕರ್ಸರ್ ಇಟ್ಟರೆ ಮೂಲೆಯಲ್ಲಿ ಕೋನ ಕಾಣುತ್ತದೆ. ನಮ್ಮ ಮನೆಗೆ ಅದು 30 ಬರಬೇಕು. ಬಾರದಿದ್ದರೆ ಏನು ಬಂತೆಂದು ಬರೆದುಕೊಳ್ಳಿ. ಪ್ರತಿಯೊಂದು ತಪ್ಪು ಕೋನಕ್ಕೂ ಅದರದೇ ಕಾರಣವಿದೆ.

ಮೊದಲು ಸರಿಯಾದ ಲೆಕ್ಕ. ನೆತ್ತಿ ಮನೆಯ ಅಗಲದ ನಡುವೆ ಇರುವುದರಿಂದ ಇಳಿಜಾರು ಓಡುವ ಅಡ್ಡ ದೂರ 24 ಅಡಿಯಲ್ಲ, ಅದರ ಅರ್ಧ, 12 ಅಡಿ.

```
12 × tan 30° = 6.928 ಅಡಿ = 6'11 1/8"
```

ಗೋಡೆಯ ತಲೆಯಿಂದ ನೆತ್ತಿ ಇಷ್ಟು ಮೇಲಿರಬೇಕು. ನೆಲದಿಂದ 16 ಅಡಿ 11 1/8 ಇಂಚು.

ಸುಮಾರು 26.3 ಡಿಗ್ರಿ ಬಂದರೆ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಇದು, ಹಿಡಿಯುವುದೂ ಕಷ್ಟ. ಗೋಡೆಯ ತಲೆಯ ಮಟ್ಟದಲ್ಲೇ ಸೂರನ್ನೂ ಸೇರಿಸಿ 28 ಅಡಿ ಅಗಲದ ಆಯತ ಎಳೆದು, ಅದರ ನಡುಗೆರೆಯನ್ನು ಲೆಕ್ಕ ಹಾಕಿದ ಆ 6 ಅಡಿ 11 1/8 ಇಂಚು ಮೇಲೆತ್ತಿರುತ್ತೀರಿ. ಏರಿಕೆ 12 ಅಡಿಗೆಂದು ಲೆಕ್ಕ ಹಾಕಿದ್ದು, ಇಳಿಜಾರು ಓಡುತ್ತಿರುವುದು 14 ಅಡಿ. ಹಾಗಾಗಿ ಕೋನ ಇಳಿಯಿತು. ಮೂರೂವರೆ ಡಿಗ್ರಿ ಕಮ್ಮಿ ಎಂದರೆ ಪರದೆಯಲ್ಲಿ ಎದ್ದು ಕಾಣುವುದಿಲ್ಲ. ಆದರೆ ನಕ್ಷೆ ಬಡಗಿಯ ಕೈಗೆ ಹೋಗಿ ಪಕಾಸು ಕತ್ತರಿಸುವ ಹೊತ್ತಿಗೆ ಪ್ರತಿ ಪಕಾಸಿನ ಉದ್ದವೂ ತಪ್ಪಿರುತ್ತದೆ. ಇಳಿಜಾರು ಕಮ್ಮಿಯಾದಷ್ಟೂ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುವ ಸಾಧ್ಯತೆಯೂ ಹೆಚ್ಚು.

ಕೋನ 30 ಸರಿಯಾಗಿದೆ, ಆದರೆ ಗೋಡೆಗೂ ಛಾವಣಿಗೂ ನಡುವೆ ಒಂದಡಿಗಿಂತ ಹೆಚ್ಚು ಖಾಲಿ ಬಿಟ್ಟಿದೆ. ಮೇಲಿನ ತಪ್ಪನ್ನು ಅರ್ಧ ತಿದ್ದಿದಾಗ ಹೀಗಾಗುತ್ತದೆ. 14 ಅಡಿಗೆ ಲೆಕ್ಕ ಹಾಕಿ 8 ಅಡಿ 1 ಇಂಚು ಏರಿಸಿದ್ದೀರಿ, ಕೋನ ಸರಿಯಾಯಿತು. ಆದರೆ ಸೂರಿನ ಅಂಚನ್ನು ಗೋಡೆಯ ತಲೆಯ ಮಟ್ಟದಲ್ಲೇ ಉಳಿಸಿದ್ದೀರಿ. ಸೂರು ಗೋಡೆಯ ಆಚೆಗೂ ಅದೇ ಇಳಿಜಾರಿನಲ್ಲಿ ಕೆಳಗಿಳಿಯಬೇಕು. ಎಷ್ಟು ಎಂದರೆ:

```
2 × tan 30° = 1.155 ಅಡಿ = 1'1 7/8"
```

ಅಂದರೆ ಸೂರಿನ ಅಂಚು ನೆಲದಿಂದ 10 ಅಡಿ ಎತ್ತರದಲ್ಲಲ್ಲ, 8 ಅಡಿ 10 1/8 ಇಂಚಿನಲ್ಲಿರಬೇಕು. ಛಾವಣಿ ಒಂದು ಗ್ರೂಪ್ ಆಗಿದ್ದರೆ ಅದನ್ನಷ್ಟೇ ಆಯ್ದು ಮೂವ್ ಟೂಲ್ ಹಿಡಿದು, ಮೇಲಿನ ಬಾಣದ ಕೀಲಿ ಒತ್ತಿ ನೀಲಿ ಅಕ್ಷಕ್ಕೆ ಕಟ್ಟಿ, ಕೆಳಮುಖವಾಗಿ ಸ್ವಲ್ಪ ಸರಿಸಿ `1'1 7/8"` ಟೈಪ್ ಮಾಡಿದರೆ ಮುಗಿಯಿತು.

49 ಡಿಗ್ರಿಯ ಆಸುಪಾಸು ಬಂದರೆ. 12ಕ್ಕೆ 7 ಎಂಬ ಏರಿಕೆಯನ್ನು ಅರ್ಧ ಅಗಲಕ್ಕೆ ಅಲ್ಲದೆ ಪೂರ್ತಿ 24 ಅಡಿಗೆ ಲೆಕ್ಕ ಹಾಕಿದ್ದೀರಿ. ನೆತ್ತಿ 7 ಅಡಿಯ ಬದಲು 14 ಅಡಿ ಏರಿದೆ. 12ಕ್ಕೆ 7 ಎಂದರೆ 30.26 ಡಿಗ್ರಿ, ಪ್ರೊಟ್ರಾಕ್ಟರ್‌ಗೆ ಅದನ್ನು ನೇರವಾಗಿ `7:12` ಎಂದು ಕೊಡಬಹುದು.

16.7 ಬಂದರೆ 30ನ್ನು ಡಿಗ್ರಿಯಲ್ಲ, ಶೇಕಡಾ ಎಂದು ತೆಗೆದುಕೊಂಡು 100ಕ್ಕೆ 30ರಂತೆ ಏರಿಸಿದ್ದೀರಿ. ಕೋನ ಬೇರೆ ಯಾವುದೋ ಸಂಖ್ಯೆಯಾಗಿದ್ದು, ಮೊದಲು ಸರಿಯಿದ್ದು ಆಮೇಲೆ ಕೆಟ್ಟಿದ್ದರೆ, ಛಾವಣಿಯನ್ನು ಸ್ಕೇಲ್ ಟೂಲ್‌ನಿಂದ ಒಂದೇ ದಿಕ್ಕಿಗೆ ಹಿಗ್ಗಿಸಿದ್ದೇ ಕಾರಣವಿರಬಹುದು. ಅಗಲಕ್ಕೋ ಎತ್ತರಕ್ಕೋ ಹಿಗ್ಗಿಸಿದರೆ ಕೋನ ಉಳಿಯುವುದಿಲ್ಲ. ನೆತ್ತಿಯ ಉದ್ದಕ್ಕೆ ಹಿಗ್ಗಿಸಿದರೆ ಮಾತ್ರ ಉಳಿಯುತ್ತದೆ.

ಈ ಯಾವ ತಪ್ಪಿಗೂ ತೇಪೆ ಹಾಕುವ ಬದಲು, ದಶಮಾಂಶದ ಲೆಕ್ಕವೇ ಬೇಡದ ವಿಧಾನದಲ್ಲಿ ಛಾವಣಿಯನ್ನು ಮತ್ತೆ ಎಳೆಯುವುದು ಮೇಲು. ಗೋಡೆಗಳನ್ನು ಗ್ರೂಪ್ ಮಾಡಿ, ಗ್ರೂಪಿನ ಹೊರಗೆ ಬನ್ನಿ. 24 ಅಡಿಯ ಪಕ್ಕದ ಗೋಡೆಯ ಮೇಲಿನ ಹೊರಮೂಲೆಯಲ್ಲಿ ಪ್ರೊಟ್ರಾಕ್ಟರ್ ಇಟ್ಟು `30` ಎಂದು ಕೊಟ್ಟು ಗೈಡ್ ಗೆರೆ ಬೀಳಿಸಿ. ಗೆರೆ ತಲೆಕೆಳಗಾಗಿ ಬಿದ್ದರೆ ತಕ್ಷಣ `-30` ಟೈಪ್ ಮಾಡಿ. ಇನ್ನೊಂದು ಮೂಲೆಯಲ್ಲೂ ಹೀಗೇ ಮಾಡಿ. ಎರಡು ಗೆರೆ ಕೂಡುವ ಬಿಂದುವೇ ನೆತ್ತಿ. ಗೈಡ್ ಗೆರೆಗೆ ಕೊನೆಯಿಲ್ಲದ ಕಾರಣ ಅದು ಗೋಡೆಯ ಆಚೆಗೂ ಕೆಳಕ್ಕೆ ಓಡಿರುತ್ತದೆ. ಟೇಪ್ ಮೆಷರ್‌ನಿಂದ ಗೋಡೆಯ ನಿಂತ ಅಂಚಿನಿಂದ `2'` ಹೊರಗೆ ಇನ್ನೊಂದು ಗೈಡ್ ಹಾಕಿದರೆ ಅವೆರಡು ಕತ್ತರಿಸುವಲ್ಲಿ ಸೂರಿನ ತುದಿ ತಾನಾಗಿ ಸಿಗುತ್ತದೆ. ಈಗ ನೆಲದಿಂದ ಆ ತುದಿಗೆ ಅಳೆಯಿರಿ. 8 ಅಡಿ 10 1/8 ಇಂಚಿನ ಹತ್ತಿರ ಬಂದರೆ ಎಲ್ಲವೂ ಸರಿ.

## ಲಕ್ಷಣ 4: ನೆತ್ತಿಯಲ್ಲಿ ಬಿರುಕು, ಅಥವಾ ಛಾವಣಿಯ ಮೇಲ್ಮೈ ತುಂಬುತ್ತಿಲ್ಲ

ಛಾವಣಿಯ ಎರಡು ಮೇಲ್ಮೈಗಳನ್ನು ಒಂದೊಂದಾಗಿ ಪುಶ್‌ಪುಲ್‌ನಿಂದ 6 ಇಂಚು ದಪ್ಪ ಮಾಡಿದರೆ ನೆತ್ತಿಯ ಉದ್ದಕ್ಕೂ ಇಂಗ್ಲಿಷಿನ V ಆಕಾರದ ಸಂದಿ ಬೀಳುತ್ತದೆ. ಪುಶ್‌ಪುಲ್ ನೇರ ಮೇಲಕ್ಕೆ ಎತ್ತುವುದಿಲ್ಲ, ಮೇಲ್ಮೈಗೆ ಲಂಬವಾಗಿ ಎತ್ತುತ್ತದೆ. 30 ಡಿಗ್ರಿಯಲ್ಲಿ ಪ್ರತಿ ಬದಿಯ ಮೇಲಂಚು ನೆತ್ತಿಯಿಂದ 3 ಇಂಚು ಆಚೆ ಸರಿಯುತ್ತದೆ, ಮೇಲ್ಗಡೆ ಒಟ್ಟು 6 ಇಂಚು ಬಾಯಿಬಿಡುತ್ತದೆ. ಸಂದಿಗೆ ಗೆರೆ ಎಳೆದು ಮುಚ್ಚಬಹುದು, ಆದರೆ ಒಳಗೆ ಬೇಡದ ಮೇಲ್ಮೈಗಳು ಉಳಿದು ಮುಂದೆ ಕಾಟ ಕೊಡುತ್ತವೆ.

ದಪ್ಪವನ್ನು ಮೊದಲೇ ಎಳೆಯುವುದು ಒಳ್ಳೆಯದು. ಮೇಲಿನ ವಿಧಾನದಲ್ಲಿ ಬಿದ್ದ 30 ಡಿಗ್ರಿಯ ಗೈಡ್‌ಗಳಿಗೆ 6 ಇಂಚು ಮೇಲೆ ಟೇಪ್ ಮೆಷರ್‌ನಿಂದಲೇ ಸಮಾನಾಂತರ ಗೈಡ್ ಹಾಕಿ, ಲೈನ್ ಟೂಲ್‌ನಿಂದ ಇಡೀ ಅಡ್ಡಛೇದವನ್ನು ಸುತ್ತಿ ಬನ್ನಿ. ಮಡಚಿದ ಹಲಗೆಯಂಥ ಒಂದು ಮೇಲ್ಮೈ ತುಂಬಿಕೊಳ್ಳುತ್ತದೆ. ಅದನ್ನು ನೆತ್ತಿಯ ದಿಕ್ಕಿಗೆ `30'` ಪುಶ್‌ಪುಲ್ ಮಾಡಿ, ಪಕ್ಕದ ಗೋಡೆಗಳ ಆಚೆಗೂ ಒಂದಡಿ ಚಾಚಬೇಕಿದ್ದರೆ ಎರಡೂ ತುದಿಯ ಮೇಲ್ಮೈಯನ್ನು `1'` ಎಳೆಯಿರಿ. ನಂತರ ಗ್ರೂಪ್ ಮಾಡಿ `Entity Info` ನೋಡಿ. `Solid Group` ಎಂದು ಬಂದರೆ ಎಲ್ಲೂ ತೂತಿಲ್ಲ.

ಗೆರೆ ಸುತ್ತಿ ಬಂದರೂ ಮೇಲ್ಮೈ ತುಂಬದಿದ್ದರೆ ಯಾವುದೋ ಒಂದು ಮೂಲೆ ಅದೇ ಸಮತಲದಲ್ಲಿಲ್ಲ, ಅಥವಾ ಗೆರೆಗಳ ನಡುವೆ ಕಣ್ಣಿಗೆ ಕಾಣದಷ್ಟು ಅಂತರವಿದೆ. `View > Edge Style > Endpoints` ಆನ್ ಮಾಡಿದರೆ ಗೆರೆಯ ತುದಿಗಳು ದಪ್ಪಗೆ ಕಾಣುತ್ತವೆ. ಒಂದೇ ಮೂಲೆಯಲ್ಲಿ ಎರಡು ದಪ್ಪ ತುದಿಗಳು ಪಕ್ಕಪಕ್ಕ ಕಂಡರೆ ಅಲ್ಲೇ ಅಂತರ. ಹಾಗೆ ಕಾಣದಿದ್ದರೆ ನಾಲ್ಕು ಮೂಲೆಯ ಮೇಲ್ಮೈಗೆ ಕರ್ಣ ಎಳೆದು ನೋಡಿ. ಎರಡು ತ್ರಿಕೋನಗಳು ತುಂಬಿಕೊಂಡು, ಕರ್ಣ ಅಳಿಸಿದೊಡನೆ ಎರಡೂ ಮಾಯವಾದರೆ ಮೇಲ್ಮೈ ತಿರುಚಿದೆ. ನೆತ್ತಿಯ ಒಂದು ತುದಿ ಇನ್ನೊಂದಕ್ಕಿಂತ ಎತ್ತರದಲ್ಲಿರುತ್ತದೆ. ಕರ್ಣ ಬಿಟ್ಟು ಮುಂದುವರಿಯಬೇಡಿ, ನೆತ್ತಿಯ ಎರಡೂ ತುದಿಯ ಎತ್ತರ ಅಳೆದು ತಿದ್ದಿ.

## ಲಕ್ಷಣ 5: ಮೂಲೆಗೆರೆ ಅಳೆದರೆ 22 ಡಿಗ್ರಿ

ನಾಲ್ಕು ಕಡೆ ಇಳಿಜಾರಿನ ಛಾವಣಿಯಲ್ಲಿ ಮೂಲೆಯಿಂದ ನೆತ್ತಿಗೆ ಏರುವ ಓರೆಗೆರೆಯನ್ನು ಅಳೆದವರು ಬೆಚ್ಚಿಬೀಳುತ್ತಾರೆ. ಇದು ದೋಷವಲ್ಲ. ಎಲ್ಲ ಬದಿಗೂ 30 ಡಿಗ್ರಿ ಇದ್ದರೆ ಆ ಗೆರೆ ಅಡ್ಡಕ್ಕೆ ಹೆಚ್ಚು ದೂರ ಓಡಿ ಅಷ್ಟೇ ಏರುತ್ತದೆ, ಹಾಗಾಗಿ 22.2 ಡಿಗ್ರಿ ಬರಲೇಬೇಕು. ಇಳಿಜಾರನ್ನು ಯಾವಾಗಲೂ ಸೂರಿನ ಅಂಚಿಗೆ ಲಂಬವಾದ ದಿಕ್ಕಿನಲ್ಲಿ ಅಳೆಯಿರಿ.

## ಲಕ್ಷಣ 6: ಮಾದರಿಯಲ್ಲಿ ಸರಿ, ಪ್ರಿಂಟಿನಲ್ಲಿ ಅಳತೆ ಕೂಡುತ್ತಿಲ್ಲ

ಪರ್‌ಸ್ಪೆಕ್ಟಿವ್ ನೋಟದಲ್ಲಿ ದೂರದ್ದು ಸಣ್ಣದಾಗಿ ಕಾಣುವುದರಿಂದ ಆ ಚಿತ್ರದ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಅಳೆದರೆ ಉದ್ದವೂ ಕೋನವೂ ತಪ್ಪು. `Camera > Parallel Projection` ಮಾಡಿ, `Camera > Standard Views` ನಿಂದ ಮುಂಭಾಗ ಅಥವಾ ಪಕ್ಕದ ನೋಟ ಆರಿಸಿ. ಇವೆರಡೂ ಆಗದಿದ್ದರೆ ಪ್ರಿಂಟ್ ಕಿಟಕಿಯಲ್ಲಿ ಸ್ಕೇಲ್ ಕೊಡಲು ಬರುವುದಿಲ್ಲ. `Fit to page` ಗುರುತನ್ನೂ ತೆಗೆಯಿರಿ. 1:50ರಲ್ಲಿ ತೆಗೆದ ಮುಂಭಾಗದ ಪ್ರಿಂಟಿನಲ್ಲಿ ನಮ್ಮ 30 ಅಡಿಯ ಗೋಡೆ 18.3 ಸೆಂ.ಮೀ. ಇರಬೇಕು. ತುಸು ಕಮ್ಮಿ ಬಂದರೆ ಪಿಡಿಎಫ್ ತೆರೆಯುವ ತಂತ್ರಾಂಶ ಕಾಗದಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದೆ. ಅಲ್ಲಿ ನಿಜಗಾತ್ರದ ಆಯ್ಕೆ ಕೊಟ್ಟು ಮತ್ತೆ ತೆಗೆಯಿರಿ. ಇಳಿಜಾರಿನ ಕೋನ ಪಕ್ಕದ ನೋಟದಲ್ಲಿ ಮಾತ್ರ ಸಿಗುತ್ತದೆ, ಮುಂಭಾಗದ ನೋಟದಲ್ಲಿ ಛಾವಣಿ ಬರೀ ಆಯತ.

## ಎಲ್ಲಿ ನಿಲ್ಲಿಸಬೇಕು

ಮಾದರಿಯ ಎಲ್ಲ ಅಳತೆ ನಕ್ಷೆಗೆ ಹೊಂದಿಯೂ ಕಟ್ಟಿರುವ ಮನೆಗೆ ಹೊಂದದಿದ್ದರೆ ಸ್ಕೆಚ್‌ಅಪ್ ಬಿಟ್ಟು ಜಾಗಕ್ಕೆ ಹೋಗಬೇಕು. ಇಳಿಜಾರು ಅಳೆಯಲು ಹಂಚಿನ ಮೇಲೆ ಹತ್ತಬೇಡಿ. ಪಾಚಿ ಕಟ್ಟಿದ ಹಂಚು ಜಾರುತ್ತದೆ, ಹಳೆಯದು ಕಾಲಿಟ್ಟರೆ ಒಡೆಯುತ್ತದೆ. ಒಳಗಿನಿಂದಲೇ ಅಳೆಯಬಹುದು. 2 ಅಡಿಯ ರಸಮಟ್ಟದ ಒಂದು ತುದಿಯನ್ನು ಪಕಾಸಿನ ಕೆಳಗಿನ ಅಂಚಿಗೆ ತಾಗಿಸಿ, ನೆತ್ತಿಯ ಕಡೆಗೆ ಮಟ್ಟವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೇರ ಮೇಲಕ್ಕೆ ಪಕಾಸಿನವರೆಗೆ ಅಳೆಯಿರಿ. 13 7/8 ಇಂಚು ಬಂದರೆ 30 ಡಿಗ್ರಿ, 12 ಇಂಚು ಬಂದರೆ 26.6. ಮೂರು ಪಕಾಸುಗಳಲ್ಲಿ ಅಳೆದು ನೋಡಿ. ಒಂದಕ್ಕೊಂದು ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮರ ಬಾಗಿರಬಹುದು, ಅದನ್ನು ಅನುಭವಿ ಬಡಗಿಗೋ ಎಂಜಿನಿಯರಿಗೋ ತೋರಿಸಿ.

ಹೊಸದಾಗಿ ಕಟ್ಟುವವರಿಗೂ ಒಂದು ಮಾತು. ಈ ಮಾದರಿಯಿಂದ ಛಾವಣಿಯ ಆಕಾರ ಗೊತ್ತಾಗುತ್ತದೆ, ಅದು ಹೊರುವ ಭಾರವಲ್ಲ. ಪಕಾಸಿನ ದಪ್ಪ, ಎರಡು ಪಕಾಸಿನ ನಡುವಿನ ಅಂತರ, ಗೋಡೆಗೆ ಕಟ್ಟುವ ಬಗೆ, ಇವನ್ನು ಮಾದರಿಯ 6 ಇಂಚು ನೋಡಿ ನಿರ್ಧರಿಸುವಂತಿಲ್ಲ. ಅಡ್ಡಛೇದದ ಪ್ರಿಂಟ್ ಜೊತೆಗೆ ಗೋಡೆಯ ಎತ್ತರ, ನೆತ್ತಿಯ ಎತ್ತರ, ಸೂರಿನ ಅಂಚಿನ ಎತ್ತರ ಈ ಮೂರನ್ನೂ ಬರೆದು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡಿ. ಮರ ಕತ್ತರಿಸುವುದು ಅವರು ಒಪ್ಪಿದ ಮೇಲೆ.